ಸೇತುವೆ ಕೆಲಸದ ಪ್ರಿಕ್ವಾಲಿಫಿಕೇಶನ್: ಅರ್ಜಿ ಬೀಳುವುದು ಎಲ್ಲಿ?

ಪ್ರಶ್ನೆ: "ಹತ್ತು ವರ್ಷದಿಂದ ಸೇತುವೆಗಳ ಪೈಲಿಂಗ್, ಪಿಎಸ್‌ಸಿ ಗರ್ಡರ್ ಕೆಲಸವನ್ನು ಸಬ್ ಕಾಂಟ್ರಾಕ್ಟ್ ಮೇಲೆ ಮಾಡ್ತಿದ್ದೀವಿ. ಈಗ ಮೊದಲ ಸಲ ಸ್ವಂತ ಹೆಸರಲ್ಲಿ ಪ್ರಿಕ್ವಾಲಿಫಿಕೇಶನ್ ಹಾಕಬೇಕು. ಅನುಭವ, ಮೆಷಿನು, ಸೇಫ್ಟಿ, ಹಣಕಾಸು ಇವನ್ನೆಲ್ಲ ಹೇಗೆ ತೋರಿಸಬೇಕು? ಎಲ್ಲಿ ರಿಜೆಕ್ಟ್ ಆಗುತ್ತೆ?"

ನಾನು ಕರ್ನಾಟಕದಲ್ಲಿ ಒಂದು ಸೇತುವೆ ಕಂಪನಿಯ ಟೆಂಡರ್ ವಿಭಾಗದಲ್ಲಿದ್ದೇನೆ. ನಿಮ್ಮ ಹಾಗೆಯೇ ಸಬ್ ಕಾಂಟ್ರಾಕ್ಟ್‌ನಿಂದ ಮೇಲೆ ಬಂದ ಕಂಪನಿ ನಮ್ಮದು. ನಮ್ಮ ಅರ್ಜಿಗಳು ಬಿದ್ದದ್ದು ಕೆಲಸ ಗೊತ್ತಿಲ್ಲದೆ ಅಲ್ಲ. ಒಂದು ಕಾಗದ ಹೇಳಿದ್ದನ್ನು ಇನ್ನೊಂದು ಕಾಗದ ಸುಳ್ಳು ಮಾಡಿದ್ದರಿಂದ.

ಮೊದಲು ಅನುಭವ. ನಿಮಗೆ ಕಷ್ಟ ಬರುವುದೇ ಇಲ್ಲಿ. ಇಲಾಖೆಗಳ ಟೆಂಡರ್ ದಾಖಲೆಯಲ್ಲಿ ಸಾಮಾನ್ಯವಾಗಿ "ಮುಖ್ಯ ಗುತ್ತಿಗೆದಾರನಾಗಿ ಮಾಡಿದ ಕೆಲಸ" ಅಂತಲೇ ಇರುತ್ತದೆ. ಕೆಲವು ಕಡೆ ನಾಮಿನೇಟೆಡ್ ಸಬ್ ಕಾಂಟ್ರಾಕ್ಟರ್ ಆಗಿದ್ದರೂ ಒಪ್ಪುತ್ತಾರೆ. ಅಂದರೆ ಇಲಾಖೆಯೇ ನಿಮ್ಮನ್ನು ಹೆಸರಿಸಿ ಒಪ್ಪಿಗೆ ಕೊಟ್ಟಿರಬೇಕು. ಮುಖ್ಯ ಗುತ್ತಿಗೆದಾರ ತನ್ನ ಲೆಟರ್‌ಹೆಡ್ ಮೇಲೆ "ಇವರು ಚೆನ್ನಾಗಿ ಮಾಡಿದ್ದಾರೆ" ಅಂತ ಬರೆದು ಕೊಟ್ಟರೆ ಸಾಲದು. ಹಾಗಾಗಿ ಹಳೆಯ ಫೈಲು ತೆಗೆದು ನಿಮ್ಮ ಹೆಸರಿಗೆ ಇಲಾಖೆ ಕೊಟ್ಟ ಒಪ್ಪಿಗೆ ಪತ್ರ ಹುಡುಕಿ. ಸಿಕ್ಕರೆ ಅದನ್ನು ಹಿಡಿದುಕೊಂಡು ಆ ಕೆಲಸ ನೋಡಿಕೊಂಡ ಕಾರ್ಯಪಾಲಕ ಇಂಜಿನಿಯರ್ ಕಚೇರಿಗೆ ಹೋಗಿ ಪ್ರಮಾಣಪತ್ರ ಕೇಳಿ. ಜೊತೆಗೆ ಸಬ್ ಕಾಂಟ್ರಾಕ್ಟ್ ಒಪ್ಪಂದ, ನಿಮ್ಮ ಬಿಲ್ಲುಗಳು, ಆ ವರ್ಷಗಳ 26ಎಎಸ್ ಇಡಿ. ಮುಖ್ಯ ಗುತ್ತಿಗೆದಾರ ನಿಮಗೆ ಹಣ ಕೊಟ್ಟು ಟಿಡಿಎಸ್ ಕಟ್ಟಿದ್ದು 26ಎಎಸ್‌ನಲ್ಲಿ ಇರುತ್ತದೆ. ಆ ಸಾಕ್ಷಿಯನ್ನು ಯಾರೂ ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ.

ಪ್ರಮಾಣಪತ್ರದಲ್ಲಿ ಏನು ಬರೆಸಬೇಕು ಅನ್ನುವುದೂ ಅಷ್ಟೇ ಮುಖ್ಯ. ನಮಗೆ ಮೊದಲು ಸಿಕ್ಕಿದ್ದರಲ್ಲಿ ಒಂದೇ ಸಾಲು ಇತ್ತು: "ಸೇತುವೆ ಕಾಮಗಾರಿಯನ್ನು ತೃಪ್ತಿಕರವಾಗಿ ಮುಗಿಸಿದ್ದಾರೆ, ಮೊತ್ತ ಇಷ್ಟು." ಓದಲು ಚೆಂದ, ಉಪಯೋಗಕ್ಕೆ ಬರಲಿಲ್ಲ. ಟೆಂಡರ್ ಕೇಳಿದ್ದು "ಯಾವುದಾದರೂ ಒಂದು ವರ್ಷದಲ್ಲಿ ಇಷ್ಟು ಘನ ಮೀಟರ್ ಪಿಎಸ್‌ಸಿ ಕಾಂಕ್ರೀಟ್, ಇಷ್ಟು ಮೀಟರ್ ಪೈಲ್" ಅಂತ. ನಮ್ಮ ಪತ್ರದಲ್ಲಿ ಅಳತೆಯೇ ಇರಲಿಲ್ಲ. ಈಗ ನಾವೇ ಕರಡು ಟೈಪ್ ಮಾಡಿಕೊಂಡು ಹೋಗುತ್ತೇವೆ. ಅದರಲ್ಲಿ ಸ್ಪ್ಯಾನ್ ಎಷ್ಟು, ಪೈಲಿನ ವ್ಯಾಸ ಮತ್ತು ಆಳ ಎಷ್ಟು, ಪ್ರತಿ ಆರ್ಥಿಕ ವರ್ಷದಲ್ಲಿ ಮಾಡಿದ ಪ್ರಮಾಣ ಎಷ್ಟು, ಮುಗಿಸಬೇಕಿದ್ದ ದಿನ, ಮುಗಿಸಿದ ದಿನ, ದಂಡ ಬಿದ್ದಿದೆಯೇ, ಎಲ್ಲ ಇರುತ್ತದೆ. ಕಚೇರಿಯವರು ಅದನ್ನು ಎಂಬಿ, ಅಂದರೆ ಅಳತೆ ಪುಸ್ತಕದ ಜೊತೆ ತಾಳೆ ನೋಡಿ ಸಹಿ ಹಾಕುತ್ತಾರೆ. ತಡವಾಗಿದ್ದರೆ ಮುಚ್ಚಿಡಬೇಡಿ. ಅವಧಿ ವಿಸ್ತರಣೆಯ ಆದೇಶವನ್ನೂ ಲಗತ್ತಿಸಿ.

ಇನ್ನು ಟೆಂಡರ್ ಸಾಮರ್ಥ್ಯ. ಅರ್ಜಿಗಳು ಸದ್ದಿಲ್ಲದೆ ಬೀಳುವ ಜಾಗ ಇದು. ನಾವು ಹಾಕಿದ ಟೆಂಡರ್‌ನಲ್ಲಿ ಇದ್ದ ಸೂತ್ರ:

```
(A × N × 1.5) − B
```

ಕೆಲವು ದಾಖಲೆಗಳಲ್ಲಿ 1.5ರ ಜಾಗದಲ್ಲಿ 2 ಅಥವಾ 2.5 ಇರುತ್ತದೆ, ನಿಮ್ಮದರಲ್ಲಿ ಏನಿದೆ ನೋಡಿಕೊಳ್ಳಿ. A ಅಂದರೆ ಕಳೆದ ಐದು ವರ್ಷಗಳಲ್ಲಿ ಅತಿ ಹೆಚ್ಚು ಕೆಲಸ ಮಾಡಿದ ವರ್ಷದ ಮೊತ್ತ, ಈಗಿನ ಬೆಲೆಗೆ ಏರಿಸಿದ್ದು. N ಅಂದರೆ ಹೊಸ ಕೆಲಸದ ಅವಧಿ, ವರ್ಷಗಳಲ್ಲಿ. B ಅಂದರೆ ಆ ಅವಧಿಯೊಳಗೆ ನೀವು ಮಾಡಬೇಕಾಗಿರುವ, ಈಗಾಗಲೇ ಕೈಯಲ್ಲಿರುವ ಕೆಲಸ.

ಒಂದು ಲೆಕ್ಕ ಹಾಕೋಣ. ಟೆಂಡರ್ 24 ಕೋಟಿ, ಅವಧಿ 18 ತಿಂಗಳು, ಅಂದರೆ N 1.5. ಎರಡು ವರ್ಷದ ಹಿಂದೆ 16 ಕೋಟಿ ಕೆಲಸ ಮಾಡಿದ್ದೀರಿ. ವರ್ಷಕ್ಕೆ 10% ಸೇರಿಸಿದರೆ A 19.36 ಕೋಟಿ. ಗುಣಿಸಿದರೆ 43.56 ಕೋಟಿ. ಕೈಯಲ್ಲಿ ಎರಡು ಕೆಲಸ, ಬಾಕಿ 9 ಮತ್ತು 6 ಕೋಟಿ. ಎರಡೂ ಈ 18 ತಿಂಗಳಲ್ಲೇ ಮುಗಿಯಬೇಕು. ಕಳೆದರೆ 28.56 ಕೋಟಿ ಉಳಿಯುತ್ತದೆ, 24ಕ್ಕಿಂತ ಜಾಸ್ತಿ. ಸರಿಹೋಯಿತು ಅಲ್ವಾ?

ನಾವೂ ಹಾಗೇ ಅಂದುಕೊಂಡೆವು. ಆದರೆ ಇನ್ನೊಂದು ಕೆಲಸದ ಒಪ್ಪಿಗೆ ಪತ್ರ ಆಗಲೇ ಕೈಸೇರಿತ್ತು. 14 ಕೋಟಿ, 30 ತಿಂಗಳು. ಕರಾರಿಗೆ ಇನ್ನೂ ಸಹಿ ಆಗಿಲ್ಲ ಅಂತ ಪಟ್ಟಿಗೆ ಸೇರಿಸಲಿಲ್ಲ. ಅದರಲ್ಲಿ 18 ತಿಂಗಳ ಪಾಲು 8.4 ಕೋಟಿ. ಅದನ್ನೂ ಕಳೆದರೆ ಉಳಿಯುವುದು 20.16 ಕೋಟಿ. ಎದುರಾಳಿ ಕಂಪನಿ ಆ ಪತ್ರವನ್ನು ಸಮಿತಿಯ ಮುಂದಿಟ್ಟಿತು. ಸಾಮರ್ಥ್ಯ ಕಡಿಮೆ ಅನ್ನುವುದಕ್ಕಿಂತ ಮಾಹಿತಿ ಮುಚ್ಚಿಟ್ಟರು ಅನ್ನುವುದೇ ನಮ್ಮ ಮೇಲೆ ಬಂತು. ಇದು ನಮ್ಮದೇ ತಪ್ಪು, ಇವತ್ತಿಗೂ ಬೇಜಾರಿದೆ. ಲೆಕ್ಕ ತುಂಬದಿದ್ದರೆ, ಟೆಂಡರ್‌ನಲ್ಲಿ ಅವಕಾಶವಿದ್ದರೆ ಜಂಟಿ ಪಾಲುದಾರರನ್ನು ಹುಡುಕಿ, ಇಲ್ಲದಿದ್ದರೆ ಮುಂದಿನ ಟೆಂಡರ್‌ಗೆ ಕಾಯಿರಿ. ಬಾಕಿ ಕೆಲಸದ ಪಟ್ಟಿಗೆ ಆಯಾ ಕಚೇರಿಯ ಮೇಲುಸಹಿ ಕೇಳುತ್ತಾರೆ. ಅದಕ್ಕೆ ದಿನಗಳು ಹಿಡಿಯುತ್ತವೆ, ಅದನ್ನೇ ಮೊದಲು ಶುರು ಮಾಡಿ.

ಮೆಷಿನ್ ಪಟ್ಟಿಯಲ್ಲಿ ಹೆಸರು ಬರೆದರೆ ಸಾಲದು. ರಿಗ್, ಬ್ಯಾಚಿಂಗ್ ಪ್ಲಾಂಟ್, ಲಾಂಚಿಂಗ್ ಗರ್ಡರ್, ಪ್ರತಿಯೊಂದಕ್ಕೂ ಇನ್‌ವಾಯ್ಸ್ ಬೇಕು. ಬಾಡಿಗೆಯದಾದರೆ ಮಾಲೀಕರ ಕರಾರು ಬೇಕು. ಈಗ ಯಾವ ಸೈಟಿನಲ್ಲಿದೆ, ಯಾವಾಗ ಖಾಲಿಯಾಗುತ್ತದೆ ಅಂತ ಬರೆಯಿರಿ. ಸ್ಟ್ರೆಸ್ಸಿಂಗ್ ಜ್ಯಾಕಿಗೆ ಮಾತ್ರ ಕ್ಯಾಲಿಬ್ರೇಶನ್ ಪತ್ರವನ್ನೂ ಇಡಿ, ಪ್ರೆಷರ್ ಗೇಜಿನ ನಂಬರ್ ಸಮೇತ. ಜ್ಯಾಕು ಮತ್ತು ಗೇಜು ಜೋಡಿಯಾಗಿ ಕ್ಯಾಲಿಬ್ರೇಟ್ ಆಗಿರಬೇಕು. ಗೇಜು ಬದಲಾಗಿದ್ದರೆ ಆ ಪತ್ರ ಲೆಕ್ಕಕ್ಕಿಲ್ಲ. ಸೇತುವೆ ಬಲ್ಲ ಇಂಜಿನಿಯರ್ ಮೊದಲು ನೋಡುವುದು ಇದನ್ನೇ.

ಸೇಫ್ಟಿಯಲ್ಲಿ "ಅಪಘಾತ ಸೊನ್ನೆ" ಅಂತ ಸುಮ್ನೆ ಬರೆಯಬೇಡಿ. ಐಎಸ್ 3786ರ ಪ್ರಕಾರ ಲೆಕ್ಕ ಕೊಡಿ. 140 ಜನ, ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಅಂದರೆ 3,36,000 ಗಂಟೆ, ಮೂರು ವರ್ಷಕ್ಕೆ 10,08,000. ಕೆಲಸದ ಸಮಯ ಕಳೆದುಕೊಂಡ ಗಾಯಗಳು ಎರಡು. ಎರಡನ್ನು 10 ಲಕ್ಷದಿಂದ ಗುಣಿಸಿ ಗಂಟೆಗಳಿಂದ ಭಾಗಿಸಿದರೆ 1.98, ಅಂದರೆ 10 ಲಕ್ಷ ಗಂಟೆಗೆ ಇಷ್ಟು ಗಾಯ. ತೀವ್ರತೆಯ ಲೆಕ್ಕದಲ್ಲಿ ಒಂದು ಸಾವನ್ನು 6,000 ಮಾನವ ದಿನ ಅಂತ ಹಿಡಿಯುತ್ತಾರೆ. ನಿಮ್ಮ ಕೈಕೆಳಗಿನ ಮೇಸ್ತ್ರಿಗಳ ಕಡೆಯವರ ಗಂಟೆ, ಗಾಯ ಎರಡೂ ಇದರಲ್ಲಿ ಸೇರಲಿ. ಪಿಎಫ್ ಚಲನ್‌ನಲ್ಲಿ 60 ಜನ ಇದ್ದು ಇಲ್ಲಿ 140 ಅಂತ ಬರೆದರೆ ಪ್ರಶ್ನೆ ಬರುತ್ತದೆ. ನಮ್ಮಲ್ಲಿ ಗರ್ಡರ್ ಶಟರಿಂಗ್ ಬಿಚ್ಚುವಾಗ ಒಬ್ಬರ ಬೆರಳು ಜಜ್ಜಿಹೋಗಿತ್ತು. ಆ ಘಟನೆಯ ವರದಿ, ಆಮೇಲೆ ಪ್ಲೇಟು ಇಳಿಸಲು ಹಗ್ಗ ಕಟ್ಟುವ ಕ್ರಮ ತಂದದ್ದು, ಎರಡನ್ನೂ ಇಟ್ಟೆವು. ಅದನ್ನು ಯಾರೂ ಕುಂದು ಅಂತ ನೋಡಲಿಲ್ಲ.

ಹಣಕಾಸಿಗೆ ಸಿಎ ಪ್ರಮಾಣಪತ್ರದ ಮೇಲೆ ಯುಡಿಐಎನ್ ನಂಬರ್ ಇರಲಿ. ವಹಿವಾಟಿನ ಮೊತ್ತ ಜಿಎಸ್‌ಟಿ ಬಿಟ್ಟು ಇರಬೇಕು. ಮೊಬಿಲೈಸೇಶನ್ ಅಡ್ವಾನ್ಸ್ ವಹಿವಾಟಲ್ಲ, ಸೇರಿಸಬೇಡಿ. ಬ್ಯಾಂಕ್ ಪತ್ರದಲ್ಲಿ "ಮುಂದೆ ಪರಿಶೀಲಿಸಲಾಗುವುದು" ಅಂತಿದ್ದರೆ ಪ್ರಯೋಜನವಿಲ್ಲ. ಈ ಕಾಮಗಾರಿಯ ಹೆಸರು, ಮೊತ್ತ ಎರಡೂ ಅದರಲ್ಲಿ ಬೇಕು. ಮೊತ್ತ ಹಲವು ಟೆಂಡರ್‌ಗಳಲ್ಲಿ ಕೆಲಸ ಜೋರಾಗಿರುವ ಮೂರು ತಿಂಗಳ ಖರ್ಚಿನಷ್ಟು. 24 ಕೋಟಿಯ ಕೆಲಸಕ್ಕೆ ಸರಾಸರಿ ಹಿಡಿದರೇ 4 ಕೋಟಿ ಆಗುತ್ತದೆ.

ನಿಮ್ಮ ಸಬ್ ಕಾಂಟ್ರಾಕ್ಟ್ ಅನುಭವ ಲೆಕ್ಕಕ್ಕೆ ಬರುತ್ತದೆಯೇ ಅನ್ನುವುದನ್ನು ಪ್ರಿ-ಬಿಡ್ ಸಭೆಗೆ ಮುಂಚೆಯೇ ಬರಹದಲ್ಲಿ ಕೇಳಿ. ಸಭೆಯಲ್ಲಿ ಬಾಯಿಮಾತಿಗೆ "ನೋಡೋಣ ಬಿಡಿ" ಅಂದರೆ ಅದನ್ನು ನಂಬಿ ಕೂರಬೇಡಿ. ಉತ್ತರ ತಿದ್ದುಪಡಿಯಾಗಿ ಪೋರ್ಟಲ್‌ನಲ್ಲಿ ಬಂದ ಮೇಲೆ ಆ ಹಾಳೆಯನ್ನೂ ಪ್ರಿಂಟ್ ತೆಗೆದು ಅನುಭವದ ಭಾಗದ ಮೊದಲ ಪುಟವಾಗಿ ಸೇರಿಸಿ.