11:11, 222 ಮತ್ತು ಅವನ ಮೆಸೇಜು

“ದಿನಾ ಮೊಬೈಲ್‌ನಲ್ಲಿ 11:11 ಕಾಣುತ್ತೆ. ನಿನ್ನೆ ಪಿ.ಜೆ. ಬಡಾವಣೆಯಲ್ಲಿ ಬೆಣ್ಣೆದೋಸೆ ತಿಂದರೆ ಬಿಲ್ ನಂಬರೂ 222. ಅವನು ವಾಪಸ್ ಬರ್ತಾನೆ ಅಂತ ಸೂಚನೆನಾ?”

ಒಂದೇ ಅಂಕಿ ಮತ್ತೆ ಮತ್ತೆ ಬಂದರೆ ಅದು ದೇವದೂತರ ಸೂಚನೆ, ಅಂದ್ರೆ ಏಂಜಲ್ ನಂಬರ್, ಅಂತ ನಂಬುವವರು 11:11 ಅಂದ್ರೆ ಹೊಸ ಆರಂಭ, 222 ಅಂದ್ರೆ ತಾಳ್ಮೆ, ಜೋಡಿ ಅಂತಾರೆ. ನಾನು ಹಾಗೆ ಓದಲ್ಲ.

ನಾನು ದಾವಣಗೆರೆಯ ಒಂದು ದೋಸೆ ಹೋಟೆಲಿನ ಗಲ್ಲಾದಲ್ಲಿ ಎರಡು ವರ್ಷ ಕೂತವನು. ಬಿಲ್ ನಂಬರಿನ ಕೊನೆಯ ಮೂರು ಅಂಕಿ ನೋಡಿ. 000ದಿಂದ 999ರವರೆಗೆ ಒಂದೇ ಅಂಕಿಯವು ಹತ್ತು, ಅಂದ್ರೆ ನೂರಕ್ಕೆ ಒಂದು. ಅದೇ ಚೀಟಿಯಲ್ಲಿ ಸಮಯ, ಮೊತ್ತ, ಟೇಬಲ್ ನಂಬರೂ ಇರುತ್ತವೆ. ಹುಡುಕಿದರೆ ಎಲ್ಲೋ ಒಂದು ಕಡೆ ಸಿಗುತ್ತೆ. 222 ಬಂದ ಗಿರಾಕಿಗಳಲ್ಲಿ ಜಗಳ ಆಡ್ತಾ ಹೋದವರೂ ಇದ್ದರು ಬಿಡಿ.

ಗಡಿಯಾರದ್ದೂ ಅಷ್ಟೇ. ಬೆಳಿಗ್ಗೆ 6ರಿಂದ ರಾತ್ರಿ 12ರವರೆಗೆ 1080 ನಿಮಿಷ. ಅದರಲ್ಲಿ 1:11, 2:22, 3:33, 4:44, 5:55, ಎರಡು ಸಲ 11:11, ಒಟ್ಟು ಏಳು. ಅವನ ಮೆಸೇಜಿಗೆ ಕಾಯ್ತಾ ದಿನಕ್ಕೆ ನೂರೈವತ್ತು ಸಲ ಫೋನ್ ತೆಗೆದರೆ ಸರಾಸರಿ ಒಂದು ಸಿಕ್ಕೇ ಸಿಗುತ್ತೆ. 10:47 ಕಂಡದ್ದು ಯಾರಿಗೂ ನೆನಪಿರಲ್ಲ, ಅಲ್ವಾ? ಒಮ್ಮೆ ಗಮನಕ್ಕೆ ಬಂದದ್ದು ಎಲ್ಲೆಲ್ಲೂ ಕಾಣುವ ಈ ಭ್ರಮೆಗೆ ಭಾಷಾತಜ್ಞ ಆರ್ನಾಲ್ಡ್ ಝ್ವಿಕಿ 2005ರಲ್ಲಿ ‘ಫ್ರೀಕ್ವೆನ್ಸಿ ಇಲ್ಯೂಷನ್’ ಅಂತ ಹೆಸರಿಟ್ಟರು.

ಸುಮ್ನೆ ಒಂದು ಕೆಲಸ ಮಾಡಿ. ಫೋನನ್ನು 24 ಗಂಟೆ ಲೆಕ್ಕಕ್ಕೆ ಬದಲಿಸಿ. ಮಧ್ಯಾಹ್ನದ 2:22 ಆಗ 14:22 ಆಗುತ್ತೆ. ಹತ್ತು ದಿನ, ಫೋನ್ ತೆಗೆದಾಗಲೆಲ್ಲ ಕಂಡ ಸಮಯ ಬರೆದಿಡಿ, ಬೇಡದ್ದನ್ನೂ ಬಿಡದೆ. ಅವನು ಮೆಸೇಜ್ ಮಾಡಿದ ದಿನಗಳನ್ನು ಪಕ್ಕದಲ್ಲೇ ಗುರುತು ಹಾಕಿ.