ತಾತನ ವಾಚಿಗೆ ರಿಸರ್ವ್ ಎಷ್ಟಿಡೋದು

"ತಾತನ ಎಚ್‌ಎಂಟಿ ಜನತಾ ವಾಚ್ ಆನ್‌ಲೈನ್ ಹರಾಜಿಗೆ ಹಾಕ್ತಿದೀನಿ, ರಿಸರ್ವ್ 3000 ಇಡ್ಲಾ? ಸ್ಟಾರ್ಟಿಂಗ್ ಬಿಡ್ ಎಷ್ಟಿಡ್ಲಿ?"

3000 ಎಲ್ಲಿಂದ ಬಂತು ಸಾರ್? ಬೇರೆಯವ್ರು ಹಾಕಿರೋ ರೇಟ್ ನೋಡಿದ್ರೆ ಅದನ್ನ ಬಿಟ್ಬಿಡಿ, ಅದು ಅವ್ರ ಆಸೆ ಅಷ್ಟೇ, ಸೈಟಲ್ಲಿ ಮಾರಾಟ ಆಗಿರೋವನ್ನ ಮಾತ್ರ ತೋರಿಸೋ ಫಿಲ್ಟರ್ ಇದ್ರೆ ಅದ್ರಲ್ಲಿ ನೋಡಿ.

ಮೊದ್ಲು ದೇವರಾಜ ಮಾರ್ಕೆಟ್ ಕಡೆ ಯಾರಾದ್ರೂ ಹಳೇ ವಾಚ್ ರಿಪೇರಿಯವ್ರ ಹತ್ರ ಹಿಂದಿನ ಮುಚ್ಚಳ ತೆಗೆಸಿ ಒಳಗಿನ ಫೋಟೋ ತಗೊಳ್ಳಿ. ಡಯಲ್ ಮೇಲಿನ ಅಕ್ಷರ ದಪ್ಪದಪ್ಪ, ಅಂಚು ಕಲಸಿದಂಗೆ ಇದ್ರೆ ಮತ್ತೆ ಪೇಂಟ್ ಮಾಡಿರೋದಿರ್ಬೋದು, ಬೆಲೆ ಇಳಿಯತ್ತೆ.

ರಿಸರ್ವ್ ಅಂದ್ರೆ ನಿಮಗೆ ಸಿಕ್ಕರೆ ಖುಷಿಯಾಗೋ ರೇಟಲ್ಲ, ಇದಕ್ಕಿಂತ ಕಮ್ಮಿ ಆದ್ರೆ ವಾಚ್ ಮನೇಲೇ ಇರ್ಲಿ ಅನ್ನೋ ರೇಟು. ಕೈಗೆ 1800 ಬರ್ಲೇಬೇಕು, ಸೈಟು 10 ಪರ್ಸೆಂಟ್ ಹಿಡಿಯತ್ತೆ ಅಂದ್ಕೊಳ್ಳಿ, ಆಗ ರಿಸರ್ವ್ 2000. ಸ್ಟಾರ್ಟಿಂಗ್ 500 ಇಡಿ, ಕಮ್ಮಿ ಇದ್ರೆ ಜನ ಕೈ ಹಾಕ್ತಾರೆ. ಆದ್ರೆ 1200ಕ್ಕೆ ಬಂದ್ರೂ ರಿಸರ್ವ್ ಮುಟ್ಟಿಲ್ಲ ಅಂತ ತೋರಿಸ್ತಿದ್ರೆ ಎಷ್ಟೋ ಜನ ಬೇಜಾರಾಗಿ ಬಿಟ್ಟೋಗ್ತಾರೆ, ನನ್ನದೊಂದು ವಾಚ್ ಹಂಗೇ ನಿಂತೋಯ್ತು. ಕೆಲವು ಸೈಟಲ್ಲಿ ಮಾರಾಟ ಆಗದಿದ್ರೂ ರಿಸರ್ವ್ ಫೀ ಕಟ್ಬೇಕು. ಅಂಥ ಕಡೆ ರಿಸರ್ವೇ ಬೇಡ, ಸ್ಟಾರ್ಟಿಂಗೇ 2000 ಇಟ್ಬಿಡಿ, ಒಬ್ಬನೇ ಬಂದ್ರೂ ನಿಮ್ಮ ರೇಟ್ ಸಿಗತ್ತೆ.