ನಾಟಕೀಯ ಸ್ವಗತ: ಮಾತೇ ಸಾಕ್ಷಿಯಾಗುವ ಬಗೆ

ಪ್ರಶ್ನೆ: ನಾಟಕೀಯ ಸ್ವಗತದಲ್ಲಿ ಮಾತನಾಡುವವನು ತಾನು ಹೇಳಬಯಸಿದ್ದಕ್ಕಿಂತ ಹೆಚ್ಚನ್ನು ಬಿಟ್ಟುಕೊಡುವುದು ಹೇಗೆ?

ಉತ್ತರ: ನಾಟಕೀಯ ಸ್ವಗತವೆಂಬ ಈ ಕಾವ್ಯಪ್ರಕಾರದಲ್ಲಿ ಮಾತನಾಡುವವನು ಕವಿಯಲ್ಲ, ಒಂದು ಪಾತ್ರ, ಅವನೆದುರು ಮೌನವಾಗಿ ಕೇಳುವ ಇನ್ನೊಬ್ಬನಿರುತ್ತಾನೆ. (ಹೀಗಾಗಿ ‘ಸ್ವಗತ’ ಎಂಬ ಹೆಸರು ಇದಕ್ಕೆ ಪೂರ್ತಿ ಒಪ್ಪುವುದಿಲ್ಲ.) ಕೇಳುಗನನ್ನು ಒಲಿಸಿಕೊಳ್ಳಲು ಅವನು ಆಯ್ದುಕೊಳ್ಳುವ ವಿವರಗಳೇ ಅವನ ವಿರುದ್ಧ ಸಾಕ್ಷಿಯಾಗುತ್ತವೆ.

ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ‘ಮೈ ಲಾಸ್ಟ್ ಡಚೆಸ್’ ಕವಿತೆಯನ್ನು ನೋಡಿ. ಇಟಲಿಯ ಫೆರಾರಾದ ಡ್ಯೂಕ್ ಮರುಮದುವೆಯ ಮಾತುಕತೆಗೆ ಬಂದ ದೂತನಿಗೆ ತೀರಿಹೋದ ಹೆಂಡತಿಯ ಚಿತ್ರವನ್ನು ತೋರಿಸುತ್ತಾನೆ. ತಾನು ಕೊಟ್ಟ ಒಂಬೈನೂರು ವರ್ಷಗಳ ಮನೆತನದ ಹೆಸರನ್ನೂ ಯಾರೋ ತಂದುಕೊಟ್ಟ ಚೆರಿ ಹಣ್ಣಿನ ಕೊಂಬೆಯನ್ನೂ ಅವಳು ಒಂದೇ ನಗುವಿನಿಂದ ಸ್ವೀಕರಿಸುತ್ತಿದ್ದಳೆಂಬುದು ಅವನ ದೂರು. ಅವಳ ಕೊರತೆಯೆಂದು ಅವನು ಹೇಳುವುದನ್ನು ನಾವು ಅವಳ ಸರಳತೆಯೆಂದು ಓದಿಕೊಳ್ಳುತ್ತೇವೆ. ಅವನ ಅಸೂಯೆ ಅಲ್ಲಿಯೇ ಬಯಲಾಗುತ್ತದೆ. ಬಳಿಕ ತಾನು ಆಜ್ಞೆ ಕೊಟ್ಟೆನೆಂದೂ ಆ ನಗುಗಳೆಲ್ಲ ಒಮ್ಮೆಗೇ ನಿಂತವೆಂದೂ ತಣ್ಣಗೆ ಹೇಳಿ, ವರದಕ್ಷಿಣೆಯ ಮಾತಿಗೆ ಹೊರಳುತ್ತಾನೆ. ಆಜ್ಞೆ ಏನೆಂದು ಕವಿತೆ ಬಿಡಿಸಿ ಹೇಳುವುದಿಲ್ಲ, ಆದರೆ ಕೊಲೆಯ ಅನುಮಾನ ಗಟ್ಟಿಯಾಗಿ ನಿಲ್ಲುತ್ತದೆ. ನನಗೆ ಹೆಚ್ಚು ನಡುಕ ಹುಟ್ಟಿಸುವುದು ಚಿತ್ರದ ಮುಂದಿನ ಪರದೆ: ಅದನ್ನು ಸರಿಸುವವನು ತಾನೊಬ್ಬನೇ ಎಂದು ಅವನು ಮೊದಲೇ ಹೇಳಿರುತ್ತಾನೆ. ಬದುಕಿದ್ದಾಗ ಎಲ್ಲರಿಗೂ ಸಿಗುತ್ತಿದ್ದ ಆ ನಗು ಈಗ ಅವನ ಅಪ್ಪಣೆಯಿಲ್ಲದೆ ಯಾರಿಗೂ ಕಾಣದು.